ವರ್ಟಿಕಲ್ ಸ್ಪ್ರೆಡ್‌ನಲ್ಲಿ ಶಾರ್ಟ್ ಲೆಗ್ ಮಾತ್ರ ಅಸೈನ್ ಆದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟವು ಅಮೆರಿಕದ ಮಾರುಕಟ್ಟೆಯಲ್ಲಿ ವಹಿವಾಟಾಗುವ ಕಂಪನಿ ಷೇರುಗಳ ಆಪ್ಷನ್‌ಗಳಿಗೆ ಸಂಬಂಧಿಸಿದೆ. ಇವು ಅಮೆರಿಕನ್ ಶೈಲಿಯ ಆಪ್ಷನ್‌ಗಳಾದ್ದರಿಂದ, ಕೊಂಡವರು ಎಕ್ಸ್‌ಪೈರಿಯವರೆಗಿನ ಯಾವುದೇ ವಹಿವಾಟು ದಿನದಂದು ಎಕ್ಸರ್‌ಸೈಸ್ ಮಾಡಬಹುದು, ಅಂದರೆ ತಮ್ಮ ಹಕ್ಕನ್ನು ಬಳಸಬಹುದು. ಆಗ ಅದನ್ನು ಪೂರೈಸುವ ಹೊಣೆ ಆಪ್ಷನ್ ಮಾರಿದವರೊಬ್ಬರ ಮೇಲೆ ಬೀಳುವುದೇ ಅಸೈನ್‌ಮೆಂಟ್. ಒಂದು ಕಾಂಟ್ರ್ಯಾಕ್ಟ್‌ಗೆ 100 ಷೇರುಗಳಂತೆ ನಿಜವಾದ ಷೇರುಗಳೇ ಕೈ ಬದಲಾಯಿಸುತ್ತವೆ.

ಉತ್ತರಗಳಲ್ಲಿ ಹೆಚ್ಚಿನವು ಒಂದೇ ಉದಾಹರಣೆಯನ್ನು ಹಿಡಿದು ಸಾಗುತ್ತವೆ. ಪುಟ್ ಎಂದರೆ ಷೇರನ್ನು ಸ್ಟ್ರೈಕ್ ಬೆಲೆಗೆ ಮಾರುವ ಹಕ್ಕು. ನೀವು 100 ಡಾಲರ್ ಸ್ಟ್ರೈಕ್‌ನ ಪುಟ್ ಮಾರಿ, ಅದೇ ಎಕ್ಸ್‌ಪೈರಿಯ 95 ಡಾಲರ್ ಸ್ಟ್ರೈಕ್‌ನ ಪುಟ್ ಕೊಂಡಿದ್ದೀರಿ. ಈ ಜೋಡಿಯೇ ವರ್ಟಿಕಲ್ ಸ್ಪ್ರೆಡ್: ಮಾರಿದ್ದು ಶಾರ್ಟ್ ಲೆಗ್, ಕೊಂಡದ್ದು ಲಾಂಗ್ ಲೆಗ್. ಎರಡರ ನಡುವಿನ ವ್ಯತ್ಯಾಸವಾಗಿ ಷೇರಿಗೆ 1.50 ಡಾಲರ್, ಅಂದರೆ ಒಟ್ಟು 150 ಡಾಲರ್ ನಿಮ್ಮ ಖಾತೆಗೆ ಬಂದಿದೆ. ಸ್ಟ್ರೈಕ್‌ಗಳ ಅಂತರ 500 ಡಾಲರ್‌ನಷ್ಟಿರುವುದರಿಂದ ನಿಮ್ಮ ಗರಿಷ್ಠ ನಷ್ಟ 350 ಡಾಲರ್. ಆಮೇಲೆ ಷೇರು 91 ಡಾಲರ್‌ಗೆ ಕುಸಿದಿದೆ, ಎಕ್ಸ್‌ಪೈರಿಗೆ ಇನ್ನೂ 12 ದಿನಗಳಿವೆ.

ಬೆಳಿಗ್ಗೆ ಖಾತೆ ತೆರೆದು ನೋಡಿದರೆ 100ರ ಪುಟ್ ಕಾಣುತ್ತಿಲ್ಲ, ಅದರ ಬದಲು 100 ಷೇರುಗಳಿವೆ. ಏನಾಗಿದೆ?

100ರ ಪುಟ್ ಕೊಂಡಿದ್ದ ಯಾರೋ ಹಿಂದಿನ ದಿನ ಅದನ್ನು ಎಕ್ಸರ್‌ಸೈಸ್ ಮಾಡಿದ್ದಾರೆ. ಅಂತಹ ಸೂಚನೆಗಳೆಲ್ಲ ಆಪ್ಷನ್ಸ್ ಕ್ಲಿಯರಿಂಗ್ ಕಾರ್ಪೊರೇಷನ್‌ಗೆ ತಲುಪುತ್ತವೆ. ಆ ಸಂಸ್ಥೆಯು ಅದೇ ಪುಟ್ಟನ್ನು ಮಾರಿರುವ ಗ್ರಾಹಕರನ್ನು ಹೊಂದಿದ ಸದಸ್ಯ ಬ್ರೋಕರ್‌ಗಳ ಪೈಕಿ ಒಬ್ಬರನ್ನು ಚೀಟಿ ಎತ್ತಿದಂತೆ ಆರಿಸುತ್ತದೆ. ಬ್ರೋಕರ್ ತನ್ನ ನಿಗದಿತ ಪದ್ಧತಿಯ ಪ್ರಕಾರ ಒಬ್ಬ ಗ್ರಾಹಕರಿಗೆ ಅದನ್ನು ವಹಿಸುತ್ತದೆ. ಈ ಕೆಲಸ ಮಾರುಕಟ್ಟೆ ಮುಚ್ಚಿದ ಮೇಲೆ ರಾತ್ರಿ ನಡೆಯುವುದರಿಂದ, ಸುದ್ದಿ ನಿಮಗೆ ಸಾಮಾನ್ಯವಾಗಿ ಮರುದಿನ ಬೆಳಿಗ್ಗೆಯೇ ತಿಳಿಯುತ್ತದೆ.

ಪರಿಣಾಮವಾಗಿ ನೀವು 100 ಷೇರುಗಳನ್ನು ತಲಾ 100 ಡಾಲರ್‌ನಂತೆ ಕೊಂಡಿದ್ದೀರಿ ಮತ್ತು ಖಾತೆಯಿಂದ 10,000 ಡಾಲರ್ ಖರ್ಚಾಗಿದೆ. 95ರ ಪುಟ್ಟಿಗೆ ಏನೂ ಆಗಿಲ್ಲ. ಅದು ನಿಮ್ಮದೇ ಆಸ್ತಿ. ಅದನ್ನು ಬಳಸಬೇಕೇ, ಯಾವಾಗ ಬಳಸಬೇಕು ಎಂಬುದನ್ನು ಎಕ್ಸ್‌ಪೈರಿಯವರೆಗೆ ನೀವೇ ತೀರ್ಮಾನಿಸುತ್ತೀರಿ. ಒಂದು ಲೆಗ್ ಅಸೈನ್ ಆದರೆ ಇನ್ನೊಂದು ತಾನಾಗಿಯೇ ಎಕ್ಸರ್‌ಸೈಸ್ ಆಗುತ್ತದೆ ಎಂದು ಬಹಳ ಜನ ಭಾವಿಸಿರುತ್ತಾರೆ. ಎಕ್ಸ್‌ಪೈರಿ ದಿನವನ್ನು ಬಿಟ್ಟರೆ ಉಳಿದ ದಿನಗಳಲ್ಲಿ ಹಾಗಾಗುವುದಿಲ್ಲ.

ಆ್ಯಪ್‌ನಲ್ಲಿ ಷೇರುಗಳ ಎದುರು 900 ಡಾಲರ್ ನಷ್ಟ ಎಂದು ಕಾಣುತ್ತಿದೆ. 350ರ ಮಿತಿ ಮುರಿದುಹೋಯಿತೇ?

ಇಲ್ಲ. 100ಕ್ಕೆ ಕೊಂಡ ಷೇರು 91ರಲ್ಲಿರುವುದರಿಂದ ಆ ಒಂದು ಸಾಲಿನಲ್ಲಿ 900 ಡಾಲರ್ ನಷ್ಟ ಕಾಣುವುದು ಸಹಜ. ಕೆಲವು ಬ್ರೋಕರ್‌ಗಳು ಮಾರಿದ ಪುಟ್ಟಿನ ಪ್ರೀಮಿಯಂ ಅನ್ನು ಷೇರಿನ ಖರೀದಿ ಬೆಲೆಯಿಂದ ಕಳೆದು ತೋರಿಸುವುದರಿಂದ ನಿಮ್ಮ ಪರದೆಯಲ್ಲಿ ಬೇರೆ ಸಂಖ್ಯೆ ಇರಲೂಬಹುದು. ಆದರೆ ಷೇರು 95ಕ್ಕಿಂತ ಎಷ್ಟೇ ಕೆಳಗಿಳಿದರೂ ಅದನ್ನು 95ಕ್ಕೆ ಮಾರುವ ಹಕ್ಕು ನಿಮ್ಮಲ್ಲಿದೆ. ಆದ್ದರಿಂದ ಲೆಕ್ಕ ಹೀಗಿದೆ: 100ಕ್ಕೆ ಖರೀದಿ, ಕನಿಷ್ಠ 95ಕ್ಕೆ ಮಾರಾಟ, ಮೊದಲೇ ಸಿಕ್ಕ 1.50. ಷೇರಿಗೆ ಗರಿಷ್ಠ ನಷ್ಟ 3.50 ಡಾಲರ್, ಅಂದರೆ ಮೊದಲಿದ್ದ ಅದೇ 350 ಡಾಲರ್.

ನನ್ನ ಅಭಿಪ್ರಾಯದಲ್ಲಿ ಅಸೈನ್‌ಮೆಂಟ್‌ನಿಂದಾಗುವ ಹಾನಿಗಿಂತ, ಅದನ್ನು ಕಂಡು ಗಾಬರಿಯಿಂದ ಮೊದಲ ಹತ್ತು ನಿಮಿಷಗಳಲ್ಲಿ ಹಾಕುವ ಆರ್ಡರ್‌ಗಳಿಂದಾಗುವ ಹಾನಿಯೇ ಹೆಚ್ಚು. 95ರ ಪುಟ್ ಕೈಯಲ್ಲಿ ಇರುವವರೆಗೆ ಯೋಚಿಸಲು ಸಮಯವಿದೆ.

ಈಗ 95ರ ಪುಟ್ಟನ್ನು ಎಕ್ಸರ್‌ಸೈಸ್ ಮಾಡಲೇ, ಅಥವಾ ಷೇರು ಮತ್ತು ಪುಟ್ ಎರಡನ್ನೂ ಮಾರಲೇ?

ಸ್ಥಾನವನ್ನು ಪೂರ್ತಿಯಾಗಿ ಮುಚ್ಚುವುದಾದರೆ ಮಾಡಬೇಕಾದ ಹೋಲಿಕೆ ಒಂದೇ. ಷೇರಿನ ಬಿಡ್ ಮತ್ತು ಪುಟ್ಟಿನ ಬಿಡ್ ಎರಡನ್ನೂ ಕೂಡಿಸಿ. ಮೊತ್ತವು ಲಾಂಗ್ ಸ್ಟ್ರೈಕ್ ಆದ 95ಕ್ಕಿಂತ ಹೆಚ್ಚಾಗಿದ್ದರೆ ಎರಡನ್ನೂ ಮಾರುವುದು ಲಾಭಕರ, ಕಡಿಮೆಯಾಗಿದ್ದರೆ ಎಕ್ಸರ್‌ಸೈಸ್ ಮಾಡುವುದು ಲಾಭಕರ.

ನಮ್ಮ ಉದಾಹರಣೆಯಲ್ಲಿ ಷೇರಿನ ಬಿಡ್ 91.00, 95ರ ಪುಟ್ಟಿನ ಬಿಡ್ 4.45 ಎಂದಿಟ್ಟುಕೊಳ್ಳೋಣ. ಎರಡೂ ಸೇರಿ 95.45. ಎಕ್ಸರ್‌ಸೈಸ್ ಮಾಡಿದರೆ ಷೇರಿಗೆ ಸರಿಯಾಗಿ 95 ಸಿಗುತ್ತದೆ ಮತ್ತು ನಷ್ಟ ಪೂರ್ತಿ 350 ಡಾಲರ್ ಆಗುತ್ತದೆ. ಎರಡನ್ನೂ ಮಾರಿದರೆ ನಷ್ಟ 305 ಡಾಲರ್‌ಗೆ ನಿಲ್ಲುತ್ತದೆ. ಈ 45 ಡಾಲರ್ ಬಂದಿರುವುದು ಪುಟ್ಟಿನಲ್ಲಿ ಇನ್ನೂ ಉಳಿದಿರುವ 12 ದಿನಗಳ ಕಾಲಮೌಲ್ಯದಿಂದ. ಎಕ್ಸರ್‌ಸೈಸ್ ಮಾಡಿದ ಕ್ಷಣ ಆ ಕಾಲಮೌಲ್ಯವನ್ನು ನೀವು ಸುಮ್ಮನೆ ಬಿಟ್ಟುಕೊಟ್ಟಂತಾಗುತ್ತದೆ. ಎಕ್ಸ್‌ಪೈರಿ ದೂರವಿದ್ದಷ್ಟೂ ಮತ್ತು ಷೇರಿನ ಬೆಲೆ ಲಾಂಗ್ ಸ್ಟ್ರೈಕ್‌ಗೆ ಹತ್ತಿರವಿದ್ದಷ್ಟೂ ಈ ಮೊತ್ತ ದೊಡ್ಡದಾಗಿರುತ್ತದೆ.

ಷೇರು 70ಕ್ಕೆ ಕುಸಿದಿದೆ ಎಂದುಕೊಂಡರೆ ಚಿತ್ರವೇ ಬೇರೆ. ಆಗ 95ರ ಪುಟ್ಟಿನಲ್ಲಿ ಕಾಲಮೌಲ್ಯ ಇಲ್ಲವೆನ್ನುವಷ್ಟು ಕಡಿಮೆಯಿರುತ್ತದೆ, ವಹಿವಾಟು ವಿರಳವಾಗಿರುತ್ತದೆ, ಬಿಡ್ ಮತ್ತು ಆಸ್ಕ್ ನಡುವಿನ ಅಂತರ ಅಗಲವಾಗಿರುತ್ತದೆ. 25 ಡಾಲರ್ ಬೆಲೆಬಾಳುವ ಪುಟ್ಟಿಗೆ 24.70 ಮಾತ್ರ ಬಿಡ್ ಇದ್ದರೆ, ಮಾರುವುದರಿಂದ 30 ಡಾಲರ್ ಕಳೆದುಕೊಳ್ಳುತ್ತೀರಿ. ಅಂತಹ ಸಂದರ್ಭದಲ್ಲಿ ಎಕ್ಸರ್‌ಸೈಸ್ ಮಾಡುವುದೇ ಸರಿ. ಬ್ರೋಕರ್ ಎಕ್ಸರ್‌ಸೈಸ್‌ಗೆ ಪ್ರತ್ಯೇಕ ಶುಲ್ಕ ವಿಧಿಸುವುದಾದರೆ ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ರಾತ್ರಿಯಿಂದ ಬೆಳಗಿನೊಳಗೆ ಬೆಲೆ ಬದಲಾಗಿರುವ ಸಾಧ್ಯತೆಯನ್ನೂ ಮರೆಯಬಾರದು. ಷೇರು 97ರಲ್ಲಿ ತೆರೆದು ಪುಟ್ 1.20ಕ್ಕೆ ಮಾರಾಟವಾಗುತ್ತಿದ್ದರೆ, ಎರಡನ್ನೂ ಮಾರಿ 98.20 ಪಡೆಯಬಹುದು, ನಷ್ಟ 30 ಡಾಲರ್ ಮಾತ್ರ. ಷೇರು 97ರಲ್ಲಿರುವಾಗ 95ರ ಪುಟ್ಟನ್ನು ಎಕ್ಸರ್‌ಸೈಸ್ ಮಾಡುವುದು ಕೈಯಾರೆ ಹಣ ಕಳೆದುಕೊಂಡಂತೆ. ಹಾಗಿದ್ದರೂ "ಅಸೈನ್ ಆದರೆ ಎಕ್ಸರ್‌ಸೈಸ್ ಮಾಡು" ಎಂಬ ಸೂತ್ರವನ್ನು ಬಾಯಿಪಾಠ ಮಾಡಿಕೊಂಡವರು ಅದನ್ನೇ ಮಾಡುತ್ತಾರೆ.

ಎರಡನ್ನೂ ಮಾರುವಾಗ ಯಾವುದನ್ನು ಮೊದಲು ಮಾರಬೇಕು?

ಸಾಧ್ಯವಿದ್ದರೆ ಒಂದನ್ನೂ ಮೊದಲು ಮಾರಬೇಡಿ. ಷೇರು ಮತ್ತು ಆಪ್ಷನ್ ಎರಡನ್ನೂ ಒಂದೇ ಆರ್ಡರ್ ಆಗಿ, ಒಟ್ಟು ಬೆಲೆಗೆ ಲಿಮಿಟ್ ಹಾಕಿ ಮಾರುವ ಸೌಲಭ್ಯವನ್ನು ಹಲವು ಬ್ರೋಕರ್‌ಗಳು ಕೊಡುತ್ತಾರೆ. ಆ ಸೌಲಭ್ಯ ಇದ್ದರೆ 95.45 ಅಥವಾ ತುಸು ಹೆಚ್ಚಿನ ಬೆಲೆಗೆ ಒಂದೇ ಆರ್ಡರ್ ಹಾಕುವುದು ಒಳ್ಳೆಯದು.

ಆ ಸೌಲಭ್ಯ ಇಲ್ಲದಿದ್ದರೆ ಎರಡು ಆರ್ಡರ್‌ಗಳ ನಡುವೆ ಸಮಯ ಬಿಡದೆ ಮುಗಿಸಬೇಕು. ಪುಟ್ಟನ್ನು ಮೊದಲು ಮಾರಿ "ಷೇರು ಸ್ವಲ್ಪ ಚೇತರಿಸಿಕೊಳ್ಳಲಿ" ಎಂದು ಕಾಯುವುದು ಎಲ್ಲಕ್ಕಿಂತ ಅಪಾಯಕಾರಿ, ಏಕೆಂದರೆ ಆ ಹೊತ್ತಿನಿಂದ ಷೇರು ಕುಸಿದಷ್ಟೂ ನಿಮ್ಮ ನಷ್ಟವನ್ನು ತಡೆಯಲು ಏನೂ ಇರುವುದಿಲ್ಲ. ಷೇರನ್ನು ಮೊದಲು ಮಾರಿದರೆ ಅಷ್ಟು ಅಪಾಯವಿಲ್ಲ: ಉಳಿಯುವುದು ಬರಿಯ ಲಾಂಗ್ ಪುಟ್, ಹೆಚ್ಚೆಂದರೆ ಅದರ ಬೆಲೆಯಷ್ಟನ್ನು ಕಳೆದುಕೊಳ್ಳಬಹುದು. ಆದರೆ ಆ ಬೆಲೆಯೂ ಇಲ್ಲಿ 445 ಡಾಲರ್ ಎಂಬುದನ್ನು ಗಮನಿಸಿ. 91ಕ್ಕೆ ಷೇರು ಮಾರಿದ ಮೇಲೆ ಬೆಲೆ 96ಕ್ಕೆ ಪುಟಿದರೆ, ಮಾರದೆ ಉಳಿಸಿಕೊಂಡ ಪುಟ್ಟಿನ ಬಹುಪಾಲು ಕರಗಿಹೋಗುತ್ತದೆ ಮತ್ತು ಒಟ್ಟು ನಷ್ಟ 350ನ್ನು ಮೀರುತ್ತದೆ. ಗರಿಷ್ಠ ನಷ್ಟದ ಮಿತಿ ಉಳಿಯುವುದು ಷೇರು ಮತ್ತು ಪುಟ್ ಜೊತೆಗಿರುವವರೆಗೆ ಮಾತ್ರ.

ಷೇರುಗಳು ಬೆಳಗಿನ ಪೂರ್ವ ಅವಧಿಯಲ್ಲೂ ವಹಿವಾಟಾಗುತ್ತವೆ, ಆದರೆ ಕಂಪನಿ ಷೇರುಗಳ ಆಪ್ಷನ್ ಮಾರುಕಟ್ಟೆ ತೆರೆಯುವುದು ನ್ಯೂಯಾರ್ಕ್ ಸಮಯ 9.30ಕ್ಕೆ. ಆದ್ದರಿಂದ ಬೆಳಿಗ್ಗೆ 8ಕ್ಕೆ ಷೇರು ಮಾರಿದವರು ಒಂದೂವರೆ ಗಂಟೆ ಪುಟ್ಟನ್ನು ಮಾರಲಾಗದೆ ಕಾಯಬೇಕಾಗುತ್ತದೆ. 9.30ರ ನಂತರದ ಮೊದಲ ಕೆಲವು ನಿಮಿಷಗಳಲ್ಲಿ ಆಪ್ಷನ್ ಬೆಲೆಗಳ ಅಂತರ ಅಗಲವಾಗಿರುವುದು ಸಾಮಾನ್ಯ. ಅದು ಕಿರಿದಾಗುವವರೆಗೆ ಕಾಯುವುದರಿಂದ ನಷ್ಟವೇನಿಲ್ಲ.

ನನ್ನ ಖಾತೆಯಲ್ಲಿ ಇರುವುದೇ 3,000 ಡಾಲರ್. 10,000 ಡಾಲರ್‌ನ ಷೇರು ಹೇಗೆ ಕೊಂಡೆ?

ಕೊರತೆಯ ಹಣವನ್ನು ಬ್ರೋಕರ್ ಸಾಲವಾಗಿ ಭರಿಸಿದೆ, ಹಾಗಾಗಿಯೇ ಖಾತೆಯಲ್ಲಿ ನಗದು ಋಣಾತ್ಮಕವಾಗಿ ಕಾಣುತ್ತಿದೆ. ಅಮೆರಿಕದ ರೆಗ್ಯುಲೇಷನ್ ಟಿ ಪ್ರಕಾರ ಷೇರು ಕೊಳ್ಳುವಾಗ ಬೆಲೆಯ ಅರ್ಧದಷ್ಟನ್ನು ಗ್ರಾಹಕರು ತಮ್ಮ ಕಡೆಯಿಂದ ಹೊಂದಿರಬೇಕು. ಇಲ್ಲಿ ಅದು 5,000 ಡಾಲರ್, ನಿಮ್ಮಲ್ಲಿ ಅಷ್ಟಿಲ್ಲ. ಆದ್ದರಿಂದ ಮಾರ್ಜಿನ್ ಕಾಲ್ ಬರುತ್ತದೆ.

ಇದನ್ನು ತೀರಿಸಲು ಹೊರಗಿನಿಂದ ಹಣ ಹಾಕಲೇಬೇಕೆಂದಿಲ್ಲ. ಮೇಲೆ ಹೇಳಿದ ಎರಡರಲ್ಲಿ ಯಾವ ದಾರಿ ಹಿಡಿದರೂ 9,500 ಡಾಲರ್ ಅಥವಾ ತುಸು ಹೆಚ್ಚು ಮರಳಿ ಬರುತ್ತದೆ, ಸಾಲ ತೀರುತ್ತದೆ, ಕೊನೆಗೆ ಖಾತೆಯಿಂದ ಹೋಗುವುದು ಸ್ಪ್ರೆಡ್‌ನ ನಷ್ಟ ಮಾತ್ರ. ಎಕ್ಸರ್‌ಸೈಸ್‌ಗೆ ಹೆಚ್ಚುವರಿ ಹಣವೂ ಬೇಕಿಲ್ಲ, ಏಕೆಂದರೆ ಕೊಡಬೇಕಾದ ಷೇರುಗಳು ಆಗಲೇ ಖಾತೆಯಲ್ಲಿವೆ. ಆದರೆ ಈ ಸ್ಥಿತಿಯಲ್ಲಿ ಕಾಯುತ್ತಾ ಕೂರುವುದು ಬೇಡ: ಮಾರ್ಜಿನ್ ಒಪ್ಪಂದದ ಪ್ರಕಾರ ಬ್ರೋಕರ್ ನಿಮ್ಮನ್ನು ಕೇಳದೆಯೇ ಸ್ಥಾನಗಳನ್ನು ಮಾರಬಹುದು, ಮತ್ತು ಅದು ಯಾವುದನ್ನು ಯಾವ ಬೆಲೆಗೆ ಮಾರುತ್ತದೆ ಎಂಬುದು ನಿಮ್ಮ ಕೈಯಲ್ಲಿರುವುದಿಲ್ಲ. ಅಸೈನ್ ಆದದ್ದು ತಿಳಿದ ದಿನವೇ ಬ್ರೋಕರ್‌ನ ಆಪ್ಷನ್ ವಿಭಾಗಕ್ಕೆ ಕರೆ ಮಾಡಿ, ಇಂದೇ ಮುಚ್ಚುತ್ತಿದ್ದೇನೆ ಎಂದು ತಿಳಿಸುವುದು ಉಪಯುಕ್ತ.

ಸಾಲದ ಬಡ್ಡಿಯ ವಿಷಯ ಸಣ್ಣದು. 2024ರ ಮೇ 28ರಿಂದ ಷೇರು ವಹಿವಾಟುಗಳು ಮರುದಿನದ ವಹಿವಾಟು ದಿನವೇ ಇತ್ಯರ್ಥವಾಗುತ್ತಿವೆ. ಸೋಮವಾರ ರಾತ್ರಿ ಅಸೈನ್ ಆದ ಖರೀದಿ ಮಂಗಳವಾರ ಇತ್ಯರ್ಥವಾದರೆ, ಮಂಗಳವಾರ ನೀವು ಮಾರಿದ್ದು ಬುಧವಾರ ಇತ್ಯರ್ಥವಾಗುತ್ತದೆ. ನಡುವಿನ ಒಂದು ದಿನದ ಸಾಲ 7,000 ಡಾಲರ್, ವರ್ಷಕ್ಕೆ ಶೇ. 10ರ ದರದಲ್ಲಿ ಬಡ್ಡಿ ಎರಡು ಡಾಲರ್‌ಗೂ ಕಡಿಮೆ. ಗುರುವಾರ ರಾತ್ರಿ ಅಸೈನ್ ಆದರೆ ವಾರಾಂತ್ಯ ಸೇರಿ ಅದು ಮೂರು ದಿನಗಳ ಬಡ್ಡಿಯಾಗುತ್ತದೆ.

ಷೇರುಗಳನ್ನು ಇಟ್ಟುಕೊಳ್ಳಬಹುದೇ?

ಹಣವಿದ್ದರೆ ಇಟ್ಟುಕೊಳ್ಳಬಹುದು. 100 ಷೇರುಗಳು ಮತ್ತು 95ರ ಪುಟ್ ಸೇರಿದಾಗ, ಲಾಭನಷ್ಟದ ದೃಷ್ಟಿಯಿಂದ ಅದು 95ರ ಕಾಲ್ ಆಪ್ಷನ್, ಅಂದರೆ ಷೇರನ್ನು 95ಕ್ಕೆ ಕೊಳ್ಳುವ ಹಕ್ಕನ್ನು ಕೊಂಡಿದ್ದಕ್ಕೆ ಸಮ: ಕೆಳಗೆ ನಷ್ಟ 350ಕ್ಕೆ ನಿಲ್ಲುತ್ತದೆ, ಮೇಲಕ್ಕೆ ಮಿತಿಯಿಲ್ಲ. ಮೂಲ ಸ್ಪ್ರೆಡ್‌ನಲ್ಲಿ ಷೇರು 110ಕ್ಕೆ ಏರಿದರೂ ನಿಮ್ಮ ಲಾಭ 150ನ್ನು ದಾಟುತ್ತಿರಲಿಲ್ಲ, ಈಗ ದಾಟಬಹುದು. ಈ ದೃಷ್ಟಿಯಿಂದ ಅವಧಿಗೆ ಮೊದಲೇ ಆದ ಅಸೈನ್‌ಮೆಂಟ್ ನಿಮಗೆ ಒಂದು ಅನುಕೂಲವನ್ನೂ ಮಾಡಿಕೊಡುತ್ತದೆ. ಬೆಲೆಯಾಗಿ ತೆರಬೇಕಾದದ್ದು 10,000 ಡಾಲರ್ ಮೇಲಿನ ಬಡ್ಡಿ ಅಥವಾ ಆ ಹಣ ಬೇರೆಡೆ ಗಳಿಸಬಹುದಾಗಿದ್ದ ಬಡ್ಡಿ. ಎಕ್ಸ್‌ಪೈರಿಯಂದು 95ರ ಪುಟ್ ಹೋದ ಮೇಲೆ ರಕ್ಷಣೆಯೂ ಹೋಗುತ್ತದೆ ಎಂಬುದನ್ನು ಮಾತ್ರ ಮರೆಯಬಾರದು.

ಇನ್ನೂ 12 ದಿನಗಳಿರುವಾಗ ಯಾರಾದರೂ ಏಕೆ ಎಕ್ಸರ್‌ಸೈಸ್ ಮಾಡುತ್ತಾರೆ? ಇದನ್ನು ಮೊದಲೇ ಊಹಿಸಬಹುದೇ?

ಸಾಕಷ್ಟು ಮಟ್ಟಿಗೆ ಊಹಿಸಬಹುದು. 100ರ ಪುಟ್ ಹೊಂದಿದವರು ಷೇರನ್ನು ಇಂದೇ 100ಕ್ಕೆ ಮಾರಿದರೆ 10,000 ಡಾಲರ್ 12 ದಿನ ಮೊದಲೇ ಅವರ ಕೈಗೆ ಬರುತ್ತದೆ. ಶೇ. 5ರ ಬಡ್ಡಿದರ ಎಂದುಕೊಂಡರೆ ಅದರ ಬೆಲೆ ಸುಮಾರು 16 ಡಾಲರ್. ಅವರು ಬಿಟ್ಟುಕೊಡುವುದು ಪುಟ್ಟಿನಲ್ಲಿ ಉಳಿದಿರುವ ಆಯ್ಕೆಯ ಮೌಲ್ಯವನ್ನು. ಅದನ್ನು ಅಳೆಯಲು ಅದೇ ಸ್ಟ್ರೈಕ್‌ನ ಕಾಲ್ ಆಪ್ಷನ್ನಿನ ಬೆಲೆ ನೋಡಿದರೆ ಸಾಕು. ಷೇರು 91ರಲ್ಲಿರುವಾಗ 100ರ ಕಾಲ್ 0.07ಕ್ಕೆ ಸಿಗುತ್ತಿದ್ದರೆ ಅದು 7 ಡಾಲರ್. 16 ಪಡೆಯಲು 7 ಬಿಡುವುದು ಲಾಭಕರವಾದ್ದರಿಂದ ಎಕ್ಸರ್‌ಸೈಸ್ ಮಾಡುತ್ತಾರೆ. ನಿಮ್ಮ ಶಾರ್ಟ್ ಪುಟ್ಟಿನ ಸ್ಟ್ರೈಕ್‌ನಲ್ಲಿರುವ ಕಾಲ್ ಬೆಲೆ ಉಳಿದ ದಿನಗಳ ಬಡ್ಡಿಗಿಂತ ಕೆಳಗಿಳಿದಿದ್ದರೆ, ಅಸೈನ್‌ಮೆಂಟ್ ಯಾವ ರಾತ್ರಿ ಬೇಕಾದರೂ ಬರಬಹುದು ಎಂದು ಸಿದ್ಧರಾಗಿರಿ.

ಕಾಲ್ ಸ್ಪ್ರೆಡ್‌ನಲ್ಲಿ ಶಾರ್ಟ್ ಕಾಲ್ ಅಸೈನ್ ಆದರೂ ಇದೇ ಲೆಕ್ಕವೇ?

ಲೆಕ್ಕದ ಕ್ರಮ ಅದೇ, ದಿಕ್ಕು ತಿರುಗುಮುರುಗು. ನಿಮ್ಮಲ್ಲಿಲ್ಲದ ಷೇರುಗಳನ್ನು ಮಾರಿದಂತಾಗಿ ಖಾತೆಯಲ್ಲಿ ಮೈನಸ್ 100 ಷೇರು ಕಾಣುತ್ತದೆ. ಲಾಂಗ್ ಕಾಲ್ ಅನ್ನು ಎಕ್ಸರ್‌ಸೈಸ್ ಮಾಡಿ ಷೇರು ಪಡೆಯಬಹುದು, ಅಥವಾ ಮಾರುಕಟ್ಟೆಯಲ್ಲಿ ಷೇರು ಕೊಂಡು ಕಾಲ್ ಅನ್ನು ಮಾರಬಹುದು. ಆದರೆ ಇಲ್ಲಿ ಡಿವಿಡೆಂಡ್ ಎಂಬ ಒಂದು ವಿಷಯವಿದೆ. ಗರಿಷ್ಠ ನಷ್ಟದ ಮಿತಿಯನ್ನು ಅದು ನಿಜವಾಗಿಯೂ ಮೀರಿಸಬಲ್ಲದು.

50ರ ಕಾಲ್ ಮಾರಿ, 55ರ ಕಾಲ್ ಕೊಂಡು, 120 ಡಾಲರ್ ಪಡೆದಿದ್ದೀರಿ ಎನ್ನೋಣ. ಕಾಗದದ ಮೇಲೆ ಗರಿಷ್ಠ ನಷ್ಟ 380. ಷೇರು 58ರಲ್ಲಿದೆ, ನಾಳೆ ಎಕ್ಸ್-ಡಿವಿಡೆಂಡ್ ದಿನ, ಡಿವಿಡೆಂಡ್ 0.80. ಇಂದು 50ರ ಕಾಲ್ ಅನ್ನು ಎಕ್ಸರ್‌ಸೈಸ್ ಮಾಡಿದವರಿಗೆ ಡಿವಿಡೆಂಡ್ ಸಲ್ಲುತ್ತದೆ. ನೀವು ಇಂದಿನ ದಿನಾಂಕದಲ್ಲೇ ಷೇರು ಮಾರಿದವರೆಂದು ದಾಖಲಾಗುವುದರಿಂದ, ಆ 80 ಡಾಲರನ್ನು ನೀವು ತೆರಬೇಕು. ಸುದ್ದಿ ನಿಮಗೆ ತಿಳಿಯುವುದು ನಾಳೆ ಬೆಳಿಗ್ಗೆ. ಆಗ 55ರ ಕಾಲ್ ಅನ್ನು ಎಕ್ಸರ್‌ಸೈಸ್ ಮಾಡಿದರೂ ಖರೀದಿಯ ದಿನಾಂಕ ಎಕ್ಸ್-ಡಿವಿಡೆಂಡ್ ದಿನವೇ ಆಗಿರುವುದರಿಂದ ಡಿವಿಡೆಂಡ್ ನಿಮಗೆ ಸಿಗುವುದಿಲ್ಲ. ಹೀಗೆ ನಷ್ಟ 500 ಕೂಡಿಸು 80 ಕಳೆ 120, ಅಂದರೆ 460 ಡಾಲರ್. ಷೇರು 57.20ರಲ್ಲಿ ತೆರೆದು 55ರ ಕಾಲ್‌ಗೆ 2.60 ಬಿಡ್ ಇದ್ದರೆ, ಎಕ್ಸರ್‌ಸೈಸ್ ಬದಲು ಷೇರು ಕೊಂಡು ಕಾಲ್ ಮಾರಿ ನಷ್ಟವನ್ನು 420ಕ್ಕೆ ಇಳಿಸಬಹುದು. ಆದರೂ ಅದು 380ಕ್ಕಿಂತ ಹೆಚ್ಚೇ.

ಇದಕ್ಕೆ ಮದ್ದು ಹಿಂದಿನ ದಿನವೇ ಇದೆ. ಎಕ್ಸ್-ಡಿವಿಡೆಂಡ್ ದಿನದ ಮುನ್ನಾದಿನ ನಿಮ್ಮ ಶಾರ್ಟ್ ಕಾಲ್‌ನ ಸ್ಟ್ರೈಕ್‌ನಲ್ಲಿರುವ ಪುಟ್ಟಿನ ಬೆಲೆ ನೋಡಿ. ಅದು ಡಿವಿಡೆಂಡ್‌ಗಿಂತ ಕಡಿಮೆಯಿದ್ದರೆ ಅಸೈನ್ ಆಗುವುದು ಬಹುತೇಕ ಖಚಿತ. ಸ್ಪ್ರೆಡ್ ಅನ್ನು ಮಾರುಕಟ್ಟೆ ಮುಚ್ಚುವ ಮೊದಲೇ ಮುಚ್ಚಿಬಿಡಿ. ಇನ್ನೊಂದು ಮಾತು: ಸಾಲವಾಗಿ ಸುಲಭಕ್ಕೆ ಸಿಗದ ಷೇರಾದರೆ, ಮೈನಸ್ ಸ್ಥಾನವನ್ನು ಇಟ್ಟುಕೊಂಡ ಪ್ರತಿ ದಿನಕ್ಕೂ ಗಣನೀಯ ಶುಲ್ಕ ಬೀಳಬಹುದು.

ಎಕ್ಸ್‌ಪೈರಿಯ ಶುಕ್ರವಾರ ಷೇರು ಎರಡು ಸ್ಟ್ರೈಕ್‌ಗಳ ನಡುವೆ ಮುಚ್ಚಿದರೆ?

ಈ ಪುಟದಲ್ಲಿರುವ ಎಲ್ಲ ಸನ್ನಿವೇಶಗಳಲ್ಲಿ ನಾನು ಹೆಚ್ಚು ಹೆದರುವುದು ಇದಕ್ಕೇ. ಎಕ್ಸ್‌ಪೈರಿಯಂದು ಒಂದು ಸೆಂಟ್ ಅಥವಾ ಹೆಚ್ಚು ಲಾಭದಲ್ಲಿರುವ ಆಪ್ಷನ್, ಬೇರೆ ಸೂಚನೆ ಇಲ್ಲದಿದ್ದರೆ, ತಾನಾಗಿಯೇ ಎಕ್ಸರ್‌ಸೈಸ್ ಆಗುತ್ತದೆ. ಷೇರು 93ರಲ್ಲಿ ಮುಚ್ಚಿದರೆ ಎರಡೂ ಲೆಗ್‌ಗಳು ಒಂದನ್ನೊಂದು ತೀರಿಸಿಕೊಳ್ಳುತ್ತವೆ, ನಷ್ಟ 350, ನೀವು ಮಾಡಬೇಕಾದ್ದು ಏನೂ ಇಲ್ಲ. ಷೇರು 97ರಲ್ಲಿ ಮುಚ್ಚಿದರೆ 100ರ ಪುಟ್ ಅಸೈನ್ ಆಗಿ ಷೇರು ಬರುತ್ತದೆ, 95ರ ಪುಟ್ ಬೆಲೆಯಿಲ್ಲದೆ ಕೊನೆಗೊಳ್ಳುತ್ತದೆ. ಸೋಮವಾರ ಷೇರು 85ರಲ್ಲಿ ತೆರೆದರೆ ನಷ್ಟ 1,350 ಡಾಲರ್, ತಡೆಯಲು ಏನೂ ಇರುವುದಿಲ್ಲ.

ಶುಕ್ರವಾರ ಸಂಜೆ ಒಂದು ಸಣ್ಣ ಕಿಂಡಿ ಮಾತ್ರ ತೆರೆದಿರುತ್ತದೆ. ಎಕ್ಸರ್‌ಸೈಸ್ ಮಾಡುವ ಅಥವಾ ಮಾಡದಿರುವ ಸೂಚನೆಯನ್ನು ಬ್ರೋಕರ್‌ಗೆ ಕೊಡಲು ಎಕ್ಸ್‌ಚೇಂಜ್‌ಗಳ ನಿಯಮದಲ್ಲಿ ನ್ಯೂಯಾರ್ಕ್ ಸಮಯ ಸಂಜೆ 5.30ರವರೆಗೆ ಅವಕಾಶವಿದೆ, ಆದರೆ ಹಲವು ಬ್ರೋಕರ್‌ಗಳು ಇನ್ನೂ ಮೊದಲೇ ಬಾಗಿಲು ಮುಚ್ಚುತ್ತಾರೆ. ಷೇರು 95.30ರಲ್ಲಿ ಮುಚ್ಚಿ, ಆಮೇಲೆ ಬಂದ ಸುದ್ದಿಯಿಂದ ಸಂಜೆಯ ವಹಿವಾಟಿನಲ್ಲಿ 92ಕ್ಕೆ ಇಳಿದರೆ, 95ರ ಪುಟ್ ತಾನಾಗಿಯೇ ಎಕ್ಸರ್‌ಸೈಸ್ ಆಗದಿದ್ದರೂ ನೀವು ಸೂಚನೆ ಕೊಟ್ಟು ಮಾಡಿಸಬಹುದು. ಕೊಡದಿದ್ದರೆ ಆ ಹಕ್ಕು ಅಲ್ಲಿಗೇ ಮುಗಿಯುತ್ತದೆ. ಇದಕ್ಕಿಂತ ಉತ್ತಮವಾದದ್ದು, ಬೆಲೆ ಎರಡು ಸ್ಟ್ರೈಕ್‌ಗಳ ನಡುವೆ ಅಥವಾ ಅವುಗಳ ಅಂಚಿನಲ್ಲಿದ್ದರೆ ಶುಕ್ರವಾರ ಮಧ್ಯಾಹ್ನವೇ ಸ್ಪ್ರೆಡ್ ಅನ್ನು ಮುಚ್ಚುವುದು.

ಹತ್ತು ಸ್ಪ್ರೆಡ್‌ಗಳಲ್ಲಿ ನಾಲ್ಕು ಮಾತ್ರ ಅಸೈನ್ ಆಗಿವೆ. ಏನು ಮಾಡಲಿ?

400 ಷೇರುಗಳಿಗೆ ನಾಲ್ಕು ಲಾಂಗ್ ಪುಟ್‌ಗಳನ್ನು ಮಾತ್ರ ಜೋಡಿಸಿ ಮುಚ್ಚಿ. ಉಳಿದ ಆರು ಲಾಂಗ್ ಪುಟ್‌ಗಳು ಇನ್ನೂ ಜೀವಂತವಿರುವ ಆರು ಶಾರ್ಟ್ ಪುಟ್‌ಗಳ ಕಾವಲಿಗಿವೆ. ಆತುರದಲ್ಲಿ ಹತ್ತನ್ನೂ ಮಾರಿದರೆ ಆರು ಶಾರ್ಟ್ ಪುಟ್‌ಗಳು ರಕ್ಷಣೆಯಿಲ್ಲದೆ ಉಳಿಯುತ್ತವೆ. ಆರ್ಡರ್ ಕಳಿಸುವ ಮುನ್ನ ಸಂಖ್ಯೆಯನ್ನು ಮತ್ತೊಮ್ಮೆ ನೋಡಿ. ಉಳಿದ ಆರೂ ಮುಂದಿನ ರಾತ್ರಿಗಳಲ್ಲಿ ಅಸೈನ್ ಆಗುವ ಸಾಧ್ಯತೆ ಹೆಚ್ಚಿರುವುದರಿಂದ, ಅವನ್ನು ಸ್ಪ್ರೆಡ್ ಆಗಿಯೇ ಅದೇ ದಿನ ಮುಚ್ಚುವ ಬಗ್ಗೆಯೂ ಯೋಚಿಸಬೇಕು.

ಸೂಚ್ಯಂಕದ ಆಪ್ಷನ್‌ಗಳಲ್ಲೂ ಹೀಗಾಗುತ್ತದೆಯೇ?

S&P 500 ಸೂಚ್ಯಂಕದ SPX ಆಪ್ಷನ್‌ಗಳು ಯುರೋಪಿಯನ್ ಶೈಲಿಯವು, ಅಂದರೆ ಎಕ್ಸ್‌ಪೈರಿಯಂದು ಮಾತ್ರ ಎಕ್ಸರ್‌ಸೈಸ್ ಆಗುವಂಥವು, ಮತ್ತು ನಗದಿನಲ್ಲಿ ಇತ್ಯರ್ಥವಾಗುವಂಥವು. ಅವುಗಳಲ್ಲಿ ಅವಧಿಗೆ ಮುನ್ನ ಅಸೈನ್‌ಮೆಂಟ್ ಇಲ್ಲ, ಷೇರುಗಳು ಖಾತೆಗೆ ಬರುವುದೂ ಇಲ್ಲ. ಅದೇ ಸೂಚ್ಯಂಕವನ್ನು ಅನುಸರಿಸುವ SPY ನಿಧಿಯ ಆಪ್ಷನ್‌ಗಳು ಅಮೆರಿಕನ್ ಶೈಲಿಯವಾದ್ದರಿಂದ, ಡಿವಿಡೆಂಡ್ ಸೇರಿದಂತೆ ಮೇಲೆ ಹೇಳಿದ್ದೆಲ್ಲವೂ ಅವುಗಳಿಗೆ ಅನ್ವಯಿಸುತ್ತದೆ.